ಸುಲಿತದ ದಿನದ ಅವಲಕ್ಕಿ: ಮೆತ್ತಗಿರಬೇಕು, ಮುದ್ದೆಯಾಗಬಾರದು

ಕೊನೆ ಕೊಯ್ಲು ಪ್ರಾರಂಭವಾಯಿತೆಂದರೆ ಚಂದ್ರಗುತ್ತಿಯ ಸುತ್ತಿನ ಅಡಿಕೆ ಮನೆಗಳಲ್ಲಿ ಬೆಳಗಿನ ಜಾವಕ್ಕೇ ದೀಪ ಹತ್ತುತ್ತದೆ. ಮೆಟ್ಟುಗತ್ತಿಯ ಮುಂದೆ ಕುಳಿತವರು ಏಳೂವರೆಗೆ ಏಳುತ್ತಾರೆ, ಆ ಹೊತ್ತಿಗೆ ತಿಂಡಿ ಸಿದ್ಧವಿರಬೇಕು. ದೋಸೆ ಎರೆಯಲು ಅಂದು ಮನೆಯಲ್ಲಿ ಕೈ ಸಾಲದು. ಆದ್ದರಿಂದ ಹೆಚ್ಚಿನ ಮನೆಗಳಲ್ಲಿ ಒಗ್ಗರಣೆ ಅವಲಕ್ಕಿಯೇ ಆಗುತ್ತದೆ. ನಾಲ್ಕು ಜನಕ್ಕೆ ಮಾಡುವಾಗ ಚೆನ್ನಾಗಿಯೇ ಆಗುವ ಈ ತಿಂಡಿ ಹದಿನಾರು ಜನಕ್ಕೆ ಮಾಡುವಾಗ ಕೈಕೊಡುವುದುಂಟು. ನಮ್ಮ ಮನೆಯಲ್ಲೇ ಒಮ್ಮೆ ಎರಡು ಕಿಲೋ ಅವಲಕ್ಕಿಯನ್ನು ದೊಡ್ಡ ಪಾತೇಲಿಯಲ್ಲಿ ನೀರು ಹಾಕಿ ನೆನೆಯಲಿಟ್ಟು, ಕೊಟ್ಟಿಗೆಯ ಕೆಲಸ ಮುಗಿಸಿ ಬರುವಷ್ಟರಲ್ಲಿ ಅದು ಗಂಜಿಯಾಗಿತ್ತು. ಸುಲಿಯುವವರು ಬಾಯಿಬಿಟ್ಟು ಏನೂ ಹೇಳಲಿಲ್ಲ. ಅರ್ಧ ತಟ್ಟೆ ಬಿಟ್ಟು ಎದ್ದರು. ಮಧ್ಯಾಹ್ನದವರೆಗೆ ಹಸಿದ ಹೊಟ್ಟೆಯಲ್ಲಿ ಕುಳಿತವರ ಕೈ ಎಷ್ಟು ಓಡೀತು? ಅಂದಿನಿಂದ ನಾವು ಈ ವಿಷಯವನ್ನು ಸ್ವಲ್ಪ ಗಮನವಿಟ್ಟು ನೋಡತೊಡಗಿದೆವು.

ಮೊದಲು ತಿಳಿಯಬೇಕಾದದ್ದು, ಅವಲಕ್ಕಿ ಹಸಿ ಅಕ್ಕಿಯಲ್ಲ ಎಂಬುದು. ಭತ್ತವನ್ನು ನೆನೆಸಿ, ಬಿಸಿ ಮರಳಿನಲ್ಲೋ ಬಾಣಲೆಯಲ್ಲೋ ಹುರಿದು, ಬಿಸಿಯಿರುವಾಗಲೇ ಕುಟ್ಟಿ ಅಥವಾ ಯಂತ್ರಕ್ಕೆ ಕೊಟ್ಟು ಚಪ್ಪಟೆ ಮಾಡುತ್ತಾರೆ. ಅಂದರೆ ಕಾಳಿನೊಳಗಿನ ಪಿಷ್ಟ ಆಗಲೇ ಬೆಂದಿದೆ. ಅದಕ್ಕೆ ಇನ್ನು ಬೇಕಾದದ್ದು ಬೇಯುವಿಕೆಯಲ್ಲ, ನೀರು ಮಾತ್ರ. ಅದೂ ಲೆಕ್ಕದ ನೀರು. ನೀರಿನಲ್ಲಿ ಮುಳುಗಿಸಿ ಬಿಟ್ಟರೆ ಹೊರಮೈ ಕುಡಿಯುತ್ತಲೇ ಹೋಗುತ್ತದೆ, ಒಳಗಿನ ಗಟ್ಟಿ ಭಾಗಕ್ಕೆ ನೀರು ಮುಟ್ಟುವ ಮೊದಲೇ ಹೊರಮೈ ಕರಗಿ ಅಂಟಾಗುತ್ತದೆ. ಬದಲಾಗಿ ನೀರು ತಾಗಿಸಿ, ಬಸಿದು, ಸುಮ್ಮನೆ ಬಿಟ್ಟರೆ ಮೇಲಿನ ತೇವವೇ ನಿಧಾನವಾಗಿ ಒಳಗೆ ಇಳಿಯುತ್ತದೆ. ಅವಲಕ್ಕಿ ಮೆತ್ತಗಾಗುವುದು ನೀರಿನಲ್ಲಿ ಅಲ್ಲ, ನೀರು ಬಸಿದ ಮೇಲೆ.

ಒಗ್ಗರಣೆಗೆ ದಪ್ಪ ಅವಲಕ್ಕಿಯೇ ಆಗಬೇಕು. ತೆಳು ಅವಲಕ್ಕಿಯನ್ನು ತೊಳೆಯಲು ಹೋದರೆ ಕೈಯಲ್ಲೇ ಹಿಟ್ಟಾಗುತ್ತದೆ. ಅದನ್ನು ತೊಳೆಯದೆ, ಹಸಿ ತೆಂಗಿನತುರಿಯ ತೇವದಲ್ಲೇ ಕಲಸಿ ಹಚ್ಚಿದ ಅವಲಕ್ಕಿ ಮಾಡುವುದೇ ಸರಿ. ದಪ್ಪದ್ದನ್ನೂ ಹಾಗೆಯೇ ನೀರಿಗೆ ಹಾಕದೆ ಮೊದಲು ಜರಡಿ ಹಿಡಿಯಬೇಕು. ಚೀಲದ ತಳದ ಪುಡಿ ಮತ್ತು ನುಚ್ಚು ನೀರು ತಾಗಿದೊಡನೆ ಅಂಟಾಗಿ ಒಳ್ಳೆಯ ಎಸಳುಗಳನ್ನೂ ಒಂದಕ್ಕೊಂದು ಅಂಟಿಸುತ್ತದೆ. ಮುದ್ದೆಯಾಗಲು ಅರ್ಧ ಕಾರಣ ಈ ಪುಡಿಯೇ ಎಂದರೂ ತಪ್ಪಿಲ್ಲ. ಅದನ್ನು ದನದ ಬಾಯಿಗೆ ಹಾಕಿದರೆ ನಷ್ಟವೇನೂ ಇಲ್ಲ.

ಈಗ ಹದಿನಾರು ಜನದ ಲೆಕ್ಕಕ್ಕೆ ಬರೋಣ. ಮನೆಯವರಿಗೆ ತಲಾ 80 ಗ್ರಾಂ ಸಾಕಾದರೂ ಸುಲಿಯುವವರಿಗೆ 125 ಗ್ರಾಂನಂತೆ ಹಿಡಿಯಬೇಕು. ಒಟ್ಟು 2 ಕಿಲೋ. ಇದನ್ನು ಒಂದೇ ಬಾರಿಗೆ ತೊಳೆಯಬಾರದು. ಅರ್ಧ ಕಿಲೋದಂತೆ ನಾಲ್ಕು ಪಾಲು ಮಾಡಿ, ಒಂದೊಂದನ್ನೇ ಅಗಲವಾದ ಪಾತ್ರೆಗೆ ಹಾಕಿ, ತುಂಬ ತಣ್ಣೀರು ಸುರಿದು, ಬೆರಳುಗಳನ್ನು ಬಿಡಿಸಿ ಎರಡು ಮೂರು ಸುತ್ತು ಮೆಲ್ಲಗೆ ಆಡಿಸಬೇಕು. ಅಕ್ಕಿ ತೊಳೆಯುವಂತೆ ಉಜ್ಜಬಾರದು. ಬಿಳಿ ನೀರನ್ನು ಕೂಡಲೇ ಚೆಲ್ಲಿ ಮತ್ತೊಮ್ಮೆ ಹಾಗೆಯೇ ಮಾಡಿ, ತೂತಿನ ಪಾತ್ರೆಗೋ ಬಿದಿರಿನ ಬುಟ್ಟಿಗೋ ಸುರಿಯಬೇಕು. ಒಂದು ಪಾಲು ನೀರಿನಲ್ಲಿರುವ ಹೊತ್ತು ಎಲ್ಲ ಸೇರಿ ಒಂದು ನಿಮಿಷ. ಬಿಸಿನೀರು ಬೇಡ, ಬೇಗ ಆಗುತ್ತದೆಂದು ಕಾಣುತ್ತದೆ, ಆದರೆ ಹೊರಮೈಯನ್ನೇ ಮೊದಲು ಕೆಡಿಸುತ್ತದೆ.

ಬುಟ್ಟಿಯನ್ನು ಸ್ವಲ್ಪ ಓರೆಯಾಗಿಟ್ಟು ಮೇಲೊಂದು ತಟ್ಟೆ ಮುಚ್ಚಿ 10 ನಿಮಿಷ ಮುಟ್ಟದೆ ಬಿಡಬೇಕು. ಓರೆಯಾಗಿಡುವುದು ಸಣ್ಣ ಮಾತೆಂದು ಕಾಣಬಹುದು. ಸಮವಾಗಿಟ್ಟರೆ ನೀರು ತಳದಲ್ಲೇ ನಿಂತು, ಮೇಲಿನ ಅವಲಕ್ಕಿ ಗಟ್ಟಿ, ಕೆಳಗಿನದು ಗಂಜಿ ಆಗುವುದನ್ನು ನಾವು ಕಂಡಿದ್ದೇವೆ. ಅದೇ ಕಾರಣಕ್ಕೆ ನಾಲ್ಕು ಪಾಲನ್ನೂ ಒಂದೇ ಬುಟ್ಟಿಯಲ್ಲಿ ರಾಶಿ ಹಾಕದೆ ಎರಡರಲ್ಲಿ ಹಂಚಬೇಕು. ಕೆಂಪು ಅವಲಕ್ಕಿಯಾದರೆ ಮೇಲಿನ ತೌಡು ನೀರನ್ನು ತಡೆಯುವುದರಿಂದ ಇನ್ನೊಂದು ಬಾರಿ ತೊಳೆದು 15–20 ನಿಮಿಷ ಬಿಡಬೇಕಾಗುತ್ತದೆ.

ಗಡಿಯಾರಕ್ಕಿಂತ ಬೆರಳನ್ನು ನಂಬುವುದು ಮೇಲು. ಅವಲಕ್ಕಿಯ ಹಳತು ಹೊಸತು, ದಪ್ಪ, ಚಳಿಗಾಲದ ನೀರಿನ ತಂಪು ಇವೆಲ್ಲ ಹೊತ್ತನ್ನು ಹೆಚ್ಚುಕಡಿಮೆ ಮಾಡುತ್ತವೆ. ಒಂದು ಎಸಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ನಡುವೆ ಕಡಿಯಿಲ್ಲದೆ ಪೂರ್ತಿ ಚಪ್ಪಟೆಯಾಗಬೇಕು. ಒತ್ತದೆ ಬಿಟ್ಟದ್ದು ಮಾತ್ರ ತನ್ನ ಆಕಾರದಲ್ಲೇ ಇರಬೇಕು. ಒಂದು ಹಿಡಿ ತೆಗೆದು ಸಡಿಲ ಬಿಟ್ಟರೆ ಉದುರಬೇಕು. ನಡುವೆ ಬಿಳಿ ಗಟ್ಟಿ ಕಡಿ ಸಿಕ್ಕಿದರೆ ಮತ್ತೆ ನೀರಿಗೆ ಹಾಕದೆ, ಕೈಯಿಂದ ನೀರು ಚಿಮುಕಿಸಿ ಐದು ನಿಮಿಷ ಮುಚ್ಚಿಡಬೇಕು. ಅಂಗೈಗೆ ಅಂಟಿದರೆ ನೀರು ಹೆಚ್ಚಾಯಿತೆಂದು ಅರ್ಥ. ಆಗ ಕಲಕದೆ ಒಣ ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಕಾಲು ಗಂಟೆ ಬಿಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ಪೂರ್ತಿ ಕರಗಿಹೋದದ್ದಕ್ಕೆ ಮದ್ದಿಲ್ಲ. ಮೊಸರು ಹಾಕಿ ಮೊಸರವಲಕ್ಕಿ ಮಾಡಿದರೆ ಯಾರಿಗೂ ತಪ್ಪು ತಿಳಿಯುವುದಿಲ್ಲ. ನಮಗೆ ಅಂದು ಅದು ಹೊಳೆಯಲಿಲ್ಲ.

ಉಪ್ಪು, ಬೆಲ್ಲ, ಅರಿಸಿನವನ್ನು ಬಾಣಲೆಯಲ್ಲಿ ಬೆರೆಸಲು ಹೋದರೆ ಸೌಟು ಹೆಚ್ಚು ಆಡಬೇಕಾಗುತ್ತದೆ, ಎಸಳು ಮುರಿಯುತ್ತದೆ. ಆದ್ದರಿಂದ 2 ಕಿಲೋಗೆ ಸುಮಾರು 45 ಗ್ರಾಂ ಪುಡಿ ಉಪ್ಪು ಮತ್ತು ಒಂದು ಹಿಡಿ ಪುಡಿ ಬೆಲ್ಲವನ್ನು ಹದವಾದ ಅವಲಕ್ಕಿಯ ಮೇಲೆಯೇ ಉದುರಿಸಿ, ಬುಟ್ಟಿಯನ್ನೇ ನಾಲ್ಕು ಸಲ ಕೇರಿದಂತೆ ಹಾರಿಸಿದರೆ ಸಾಕು. ಇದನ್ನು ಒಗ್ಗರಣೆ ಸಿದ್ಧವಾಗುವ ಹೊತ್ತಿಗೆ ಮಾಡಬೇಕು. ಮೊದಲೇ ಮಾಡಿಟ್ಟರೆ ಬೆಲ್ಲ ನೀರೊಡೆಯುತ್ತದೆ. ಅರಿಸಿನ ಎಣ್ಣೆಗೇ ಹೋಗಲಿ, ಬಣ್ಣ ಸಮನಾಗಿ ಹಿಡಿಯುತ್ತದೆ.

ಒಗ್ಗರಣೆಯನ್ನು ಎರಡು ಸರದಿಯಲ್ಲಿ ಮಾಡುವುದು ಒಳ್ಳೆಯದು. ಒಂದು ಕಿಲೋಗೆ ಒಂದೂವರೆ ನೂರು ಮಿಲಿಲೀಟರ್ ಎಣ್ಣೆ. ತೆಂಗಿನೆಣ್ಣೆಯಾದರೆ ನಮಗೆ ಹೆಚ್ಚು ಇಷ್ಟ. ಮೊದಲು ಒಂದು ಹಿಡಿ ಶೇಂಗಾ ಹುರಿದು ತೆಗೆದಿಟ್ಟು, ಸಾಸಿವೆ ಸಿಡಿಸಿ, ಉದ್ದಿನಬೇಳೆ ಕೆಂಪಾದ ಮೇಲೆ ಹನ್ನೆರಡು ಹಸಿಮೆಣಸು, ಕರಿಬೇವು, ಅರ್ಧ ಕಿಲೋ ಹೆಚ್ಚಿದ ಈರುಳ್ಳಿ ಹಾಕಬೇಕು. ಈರುಳ್ಳಿಯ ನೀರು ಪೂರ್ತಿ ಹೋಗಿ ಎಣ್ಣೆ ಬಿಡುವವರೆಗೆ ಅವಸರ ಮಾಡಬಾರದು. ಅವಲಕ್ಕಿಯನ್ನು ಅಷ್ಟು ಜಾಗ್ರತೆಯಿಂದ ಬಸಿದು, ಕೊನೆಗೆ ಹಸಿ ಈರುಳ್ಳಿಯ ನೀರಿಗೆ ಹಾಕಿ ಕೆಡಿಸುವವರೇ ಹೆಚ್ಚು. ಆಮೇಲೆ ಅರಿಸಿನ ಹಾಕಿ, ಒಲೆಯ ಸೌದೆ ಹಿಂದಕ್ಕೆಳೆದು, ಅವಲಕ್ಕಿ ಸುರಿದು ಸೌಟನ್ನು ತಳದಿಂದ ಮೇಲಕ್ಕೆ ಮಗುಚಬೇಕು. ಬಣ್ಣ ಒಂದಾದೊಡನೆ ಮುಚ್ಚಿ ಮೂರು ನಿಮಿಷ ಕೆಂಡದ ಮೇಲೆ ಬಿಟ್ಟರೆ ಅದರ ತೇವದ ಹಬೆಯಲ್ಲೇ ಉಳಿದ ಬಿಗಿ ಹೋಗುತ್ತದೆ. ಮುಚ್ಚದೆ ಹುರಿಯುತ್ತಿದ್ದರೆ ತೇವ ಆರಿ, ಆರಿದ ಮೇಲೆ ರಬ್ಬರಿನಂತಾಗುತ್ತದೆ.

ಕೆಳಗಿಳಿಸಿದ ಮೇಲೆ ಶೇಂಗಾ, ಅರ್ಧ ಕಾಯಿಯ ತುರಿ, ಎರಡು ಮೂರು ಲಿಂಬೆಹಣ್ಣಿನ ರಸ. ಲಿಂಬೆಯನ್ನು ಒಲೆಯ ಮೇಲಿರುವಾಗ ಹಿಂಡಿದರೆ ಕಹಿಯಾಗುತ್ತದೆ. ತಡವಾಗಿ ಬರುವವರ ಪಾಲನ್ನು ಮತ್ತೆ ಬಾಣಲೆಗೆ ಹಾಕದೆ, ಬಿಸಿನೀರಿನ ಪಾತ್ರೆಯ ಬಾಯಿಗೆ ತಟ್ಟೆಯಿಟ್ಟು ಅದರ ಮೇಲೆ ಮುಚ್ಚಿಟ್ಟರೆ ಒಂಬತ್ತು ಗಂಟೆಗೂ ಮೆತ್ತಗೇ ಇರುತ್ತದೆ.