ಸಮಾಂತರ ಶ್ರೇಢಿಯ ಮೂಲಗಳು: ಘನ ಸಮೀಕರಣದಲ್ಲಿ ಅಜ್ಞಾತ ಸಹಗುಣಕದ ನಿರ್ಣಯ

ಘನ ಸಮೀಕರಣವೊಂದರ ಮೂರು ಮೂಲಗಳು ಸಮಾಂತರ ಶ್ರೇಢಿಯಲ್ಲಿವೆಯೆಂದು ತಿಳಿದಿದ್ದರೆ, ಅದರ ಅಜ್ಞಾತ ಸಹಗುಣಕವನ್ನು ಸಮೀಕರಣವನ್ನು ಬಿಡಿಸದೆಯೇ ನಿರ್ಣಯಿಸಬಹುದು. ನಿದರ್ಶನಕ್ಕಾಗಿ x³ − 12x² + kx − 28 = 0 ಎಂಬುದನ್ನು ಪರಿಶೀಲಿಸೋಣ.

ಮೂಲಗಳನ್ನು a − d, a, a + d ಎಂದು ಇಟ್ಟುಕೊಂಡರೆ, ಕೂಡಿಸುವಾಗ d ಲೋಪವಾಗಿ ಮೊತ್ತವು 3a ಎಂದಷ್ಟೇ ಉಳಿಯುತ್ತದೆ. ಫ್ರಾನ್ಸಿನ ವಿಯೇತನ (1540–1603) ಹೆಸರಿನಲ್ಲಿ ಪ್ರಸಿದ್ಧವಾದ ಸಂಬಂಧದಂತೆ, ಈ ಮೊತ್ತವು x² ಪದದ ಸಹಗುಣಕದ ಚಿಹ್ನೆಯನ್ನು ಬದಲಿಸಿದಾಗ ಬರುವ 12. ಆದ್ದರಿಂದ a = 4. ಹೀಗೆ ನಡುವಿನ ಮೂಲವನ್ನು ನಿರ್ಧರಿಸುವುದು x² ಪದದ ಸಹಗುಣಕವೊಂದೇ.

4 ಒಂದು ಮೂಲವಾದುದರಿಂದ ಅದು ಸಮೀಕರಣವನ್ನು ತೃಪ್ತಿಪಡಿಸಲೇಬೇಕು: 64 − 192 + 4k − 28 = 0. ಇದರಿಂದ k = 39. ಇನ್ನು ಮೂಲಗಳ ಗುಣಲಬ್ಧ 4(16 − d²) = 28 ಆಗಿರುವುದರಿಂದ d² = 9; ಮೂಲಗಳು 1, 4, 7. ಇವುಗಳನ್ನು ಎರಡೆರಡಾಗಿ ಗುಣಿಸಿ ಕೂಡಿಸಿದರೆ 4 + 28 + 7 = 39 ಬರುತ್ತದೆ; ಉತ್ತರವು ತಾಳೆಯಾಗುತ್ತದೆ.

ಆದರೆ k ದೊರೆತ ಮಾತ್ರಕ್ಕೆ ಮೂಲಗಳು ವಾಸ್ತವ ಸಂಖ್ಯೆಗಳೆಂದು ಭಾವಿಸಲಾಗದು. ಮೇಲಿನ ಸಮೀಕರಣದಲ್ಲಿ 28ರ ಬದಲು 100 ಇದ್ದಿದ್ದರೆ, ಅದೇ ಕ್ರಮದಿಂದ k = 57 ಬರುತ್ತಿತ್ತು; d² ಮಾತ್ರ −9 ಆಗುತ್ತಿತ್ತು. ಆಗ 4ನ್ನು ಬಿಟ್ಟು ಉಳಿದೆರಡು ಸಂಮಿಶ್ರ ಮೂಲಗಳು. ಎರಡೆರಡರ ಗುಣಲಬ್ಧಗಳ ಮೊತ್ತವು 3a² − d², ಅಂದರೆ ಇಲ್ಲಿ k = 48 − d². ಆದುದರಿಂದ k ಬೆಲೆಯು 48ನ್ನು ಮೀರಿದೆಯೇ ಎಂಬುದನ್ನು ನೋಡಿದರೆ ಸಾಕು, ಮೂಲಗಳ ಸ್ವರೂಪವು ತಿಳಿಯುತ್ತದೆ.