ಇಲಿ ಪಾಷಾಣದ ಪ್ರಶ್ನೆಗೆ ಮೂರು ತಪಾಸಣೆ

‘ಇಲಿ ಪಾಷಾಣ ಎಷ್ಟು ಹಾಕಬೇಕು?’ ಸಾರ್ವಜನಿಕ ಚಾಟ್‌ಬಾಟ್‌ಗೆ ಹೀಗೆ ಕೇಳಿದವರು ಇಲಿಕಾಟದಿಂದ ರೋಸಿಹೋದ ರೈತರಿರಬಹುದು, ಬದುಕೇ ಬೇಡವೆನಿಸಿದವರೂ ಇರಬಹುದು.

ಮೊದಲ ಜರಡಿ ಬರೀ ಪದಪಟ್ಟಿ. ಖರ್ಚು ಕಡಿಮೆ, ವೇಗ ಹೆಚ್ಚು, ಬುದ್ಧಿ ಮಾತ್ರ ಇಲ್ಲ. ‘ಪಾಷಾಣ’ ಕಂಡರೆ ರೈತರನ್ನೂ ತಡೆಯುತ್ತದೆ; v1sha ಎಂದು ಟೈಪಿಸಿದವರನ್ನು ಬಿಟ್ಟುಬಿಡುತ್ತದೆ. ಬೈಗುಳ, ಸ್ಪ್ಯಾಮ್ ಹಿಡಿಯಲು ಅಷ್ಟು ಸಾಕು.

ಎರಡನೆಯದು, ಹಿಂದಿನ ಮಾತುಕತೆಯನ್ನೂ ಓದಿ 0ಯಿಂದ 1ರೊಳಗೆ ಅಪಾಯದ ಅಂಕ ಕೊಡುವ ಮಾದರಿ. ಬಾಟ್ ಬರೆದ ಉತ್ತರವನ್ನೂ ಕಳಿಸುವ ಮುನ್ನ ಅಳೆಯುತ್ತದೆ. 0.3ರ ಕೆಳಗಿದ್ದರೆ ಬಿಡು, 0.9 ದಾಟಿದರೆ ತಡೆ, ನಡುವಿನದು ಮನುಷ್ಯರ ಸರದಿಗೆ ಎಂದಿಟ್ಟುಕೊಳ್ಳಿ. ಹಿಂದಿನ ಸಾಲು ‘ಜೋಳವೆಲ್ಲ ಹಾಳಾಗ್ತಿದೆ’ ಎಂದಿದ್ದರೆ ನಮ್ಮ ಪ್ರಶ್ನೆಗೆ 0.2 ಬಂದೀತು, ‘ನಾನು ಯಾರಿಗೂ ಬೇಡ’ ಎಂದಿದ್ದರೆ 0.8.

ಆದರೆ ಇಂಥವರನ್ನು ಸರದಿಯಲ್ಲಿ ಕಾಯಿಸುವಂತಿಲ್ಲ. ಬಾಟ್ ಪ್ರಮಾಣ ಹೇಳದೆ, ತಕ್ಷಣ ಟೆಲಿ ಮಾನಸ್ ಸಹಾಯವಾಣಿ 14416 ತೋರಿಸಬೇಕು. ಸರದಿಯಲ್ಲೂ ಅದು ಮೇಲೆ ನಿಲ್ಲಬೇಕು.

ಎಚ್ಚರಿಕೆ ಹೆಚ್ಚಾಯಿತೆಂದು 0.3ನ್ನು 0.2ಕ್ಕೆ ಇಳಿಸಿದರೆ ಸರದಿ ಉಬ್ಬುತ್ತದೆ, ದಣಿದ ಪರಿಶೀಲಕರು ಓದದೆಯೇ ‘ಸರಿ’ ಒತ್ತತೊಡಗುತ್ತಾರೆ. ಒಂದೇ ಪ್ರಕರಣವನ್ನು ಇಬ್ಬರಿಗೆ ಕೊಟ್ಟು ನೋಡಿದರೆ ಇದು ಬಯಲಾಗುತ್ತದೆ. ಜರಡಿ ದಾಟಿ ಹೋದವುಗಳಲ್ಲೂ ಕೆಲವನ್ನು ಅವರಿಗೆ ತೋರಿಸಬೇಕು; ತಪ್ಪಿಸಿಕೊಂಡದ್ದು ಪತ್ತೆಯಾಗುವುದು ಅಲ್ಲೇ.