ಹಳೆಯ ಮಾತೇ ಕಾಣದಿದ್ದರೆ ‘ಸರಿ’ ಎನ್ನಬೇಡಿ

ಲಗ್ನಪತ್ರಿಕೆ ಅಚ್ಚುಮಾಡುವ ಮುದ್ರಣಾಲಯಕ್ಕೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಬರುತ್ತದೆ ಎಂದಿಟ್ಟುಕೊಳ್ಳಿ: ‘ಅಣ್ಣಾ, ಮೊನ್ನೆ ಮಾತಾಡಿದ ಹಾಗೇ ಮುಂದುವರಿಸಿ. 300 ಕಾರ್ಡು ಸಾಕು.’ ಮೊನ್ನೆ ಏನು ಮಾತಾಯಿತು ಎಂದು ಮೇಲೆ ಸರಿಸಿ ನೋಡಿದರೆ ಏನೂ ಇಲ್ಲ.

ಹೀಗಾಗುವುದು ಅಪರೂಪವಲ್ಲ. ಸಂದೇಶ ತಲುಪಿದ ಮೇಲೆ ವಾಟ್ಸಾಪ್ ಅದನ್ನು ತನ್ನ ಸರ್ವರ್‌ನಲ್ಲಿ ಇಟ್ಟುಕೊಳ್ಳುವುದಿಲ್ಲ. ತಲುಪದೆ ಉಳಿದದ್ದು ಮಾತ್ರ 30 ದಿನ ಅಲ್ಲಿರುತ್ತದೆ. ಹಳೆಯ ಮಾತು ಉಳಿಯುವುದು ಇಬ್ಬರ ಫೋನುಗಳಲ್ಲಿ, ಬ್ಯಾಕಪ್ ಮಾಡಿದ್ದರೆ ಅದರಲ್ಲಿ. ಹೊಸ ಫೋನಿಗೆ ಬದಲಾಗುವಾಗ ರಿಸ್ಟೋರ್ ಮಾಡದೆ ಮುಂದೆ ಹೋದರೆ ಹಿಂದಿನದು ಕಾಣುವುದಿಲ್ಲ. ತಾನಾಗಿ ಅಳಿಯುವ ಸಂದೇಶಗಳ ಆಯ್ಕೆ ಹಾಕಿದ್ದರೆ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಮಾಯ. ಗಿರಾಕಿ ಮೊನ್ನೆ ಮಾತಾಡಿದ್ದು ಅಂಗಡಿಯ ಇನ್ನೊಂದು ನಂಬರಿಗೂ ಆಗಿರಬಹುದು.

ಕಳಿಸಿದವರಿಗೆ ಇದು ಗೊತ್ತಿರುವುದಿಲ್ಲ. ಅವರ ಫೋನಿನಲ್ಲಿ ಎಲ್ಲವೂ ಕಾಣುತ್ತಿರುತ್ತದೆ, ನಿಮಗೂ ಕಾಣುತ್ತಿದೆ ಎಂದೇ ನಂಬಿರುತ್ತಾರೆ. ಆ ಹೊತ್ತಿಗೆ ‘ಸರಿ’ ಎಂದು ಉತ್ತರಿಸಿದರೆ ಆ ನಂಬಿಕೆ ಗಟ್ಟಿಯಾಗುತ್ತದೆ. ಕಂಪ್ಯೂಟರಿನಲ್ಲಿ ಸಿಕ್ಕ ಹಳೆಯ ಕರಡನ್ನೇ ಅಚ್ಚಿಗೆ ಕಳಿಸಿದರೆ, ತಿದ್ದಿಸಿದ ಮುಹೂರ್ತ ಬಿಟ್ಟು ತಪ್ಪು ಮುಹೂರ್ತ ಅಚ್ಚಾಗಿ ಬರುತ್ತದೆ. ಮುನ್ನೂರು ಕಾರ್ಡು ದಂಡ, ಮೇಲೆ ಮದುವೆ ಮನೆಯ ಗಡಿಬಿಡಿ.

ಉತ್ತರ ಹೀಗಿದ್ದರೆ ಸಾಕು: ‘ನಮಸ್ಕಾರ. ಈ ಫೋನಿನಲ್ಲಿ ನಿಮ್ಮ ಹಿಂದಿನ ಮೆಸೇಜ್ ಯಾವುದೂ ಕಾಣುತ್ತಿಲ್ಲ. 300 ಕಾರ್ಡು ಎಂದು ಬರೆದುಕೊಂಡಿದ್ದೇನೆ. ಕೊನೆಗೆ ಒಪ್ಪಿದ ಕರಡನ್ನು ಇಲ್ಲಿಗೆ ಫಾರ್ವರ್ಡ್ ಮಾಡಿ. ಅದು ಬಂದ ಮೇಲೆ ಅಚ್ಚಿಗೆ ಹಾಕುತ್ತೇನೆ.’

ಇಲ್ಲಿ ‘ಎಲ್ಲವನ್ನೂ ಇನ್ನೊಮ್ಮೆ ಹೇಳಿ’ ಎಂದು ಕೇಳಿಲ್ಲ, ಅದಕ್ಕೆ ಕಾರಣವಿದೆ. ನೆನಪಿನಿಂದ ಮತ್ತೆ ಟೈಪು ಮಾಡುವಾಗ ಜನ ಮೊದಲು ಹೇಳಿದ್ದನ್ನು ಬರೆಯುತ್ತಾರೆ, ಆಮೇಲೆ ತಿದ್ದಿಸಿದ್ದನ್ನು ಮರೆಯುತ್ತಾರೆ. ಮೂಲ ಸಂದೇಶವನ್ನೇ ಒತ್ತಿಹಿಡಿದು ಫಾರ್ವರ್ಡ್ ಮಾಡಿದರೆ ಆ ಅಪಾಯವಿಲ್ಲ, ಅವರಿಗೆ ಶ್ರಮವೂ ಕಡಿಮೆ. ಬಂದದ್ದನ್ನು ಓದಿ ಹೆಸರು, ದಿನಾಂಕ, ಮುಹೂರ್ತ, ಸ್ಥಳ ಇಷ್ಟನ್ನು ವಾಪಸ್ ಬರೆದು ‘ಇದೇ ತಾನೆ?’ ಎಂದು ಕೇಳಿ. ಅವರು ಹೌದು ಎಂದ ಮೇಲೆ ಕೆಲಸ ಶುರುಮಾಡಬಹುದು. ಅಲ್ಲಿಯವರೆಗೆ ಕಾಗದ ತರಿಸಿಡುವಂಥ, ಕರಡನ್ನು ಅವಲಂಬಿಸದ ಕೆಲಸ ನಡೆಯಲಿ.

ಸಂದೇಶದಲ್ಲಿ ದುಡ್ಡಿನ ಮಾತಿದ್ದರೆ ಮಾತ್ರ ದಾರಿಯೇ ಬೇರೆ. ‘ಹೊಸ ನಂಬರ್, ನಿನ್ನೆ ಹೇಳಿದ ಹಣ ಈ ಖಾತೆಗೆ ಹಾಕಿ’ ಎಂದು ಬಂದರೆ ಹಿಂದಿನ ಮಾತು ಕಾಣದಿರುವುದು ನಿಮ್ಮ ಫೋನಿನ ದೋಷವೇ ಆಗಬೇಕಿಲ್ಲ, ಅಂಥ ಮಾತೇ ನಡೆದಿರದಿರಬಹುದು. ಆ ನಂಬರಿಗೆ ಉತ್ತರ ಬರೆಯುವ ಬದಲು ಆ ವ್ಯಕ್ತಿಯ ಹಳೆಯ ನಂಬರಿಗೆ ಕರೆ ಮಾಡಿ, ದನಿ ಕೇಳಿ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿ ದೂರು ಕೊಡಿ.